ಫೋಟೋದಲ್ಲಿ ಬಂದ ಇಂಟಿಗ್ರಲ್: ಲೆಕ್ಕಕ್ಕೆ ಮೊದಲು ಅಂಕಿ ನೋಡಿ

ಎಂಜಿನಿಯರಿಂಗ್ ಓದುವ ಅಕ್ಕನ ಮಗಳು ರಾತ್ರಿ ಒಂದು ಫೋಟೋ ಕಳಿಸಿದಳು. 0ಯಿಂದ 1ರವರೆಗೆ ಇಂಟಿಗ್ರಲ್ ಬೇಕು. ಫಂಕ್ಷನ್ ಏನೆಂದು ಕೊಟ್ಟಿಲ್ಲ, ಬರೀ ಕೋಷ್ಟಕ. ಮಸುಕಾಗಿದ್ದ ಫೋಟೋವನ್ನು ಹೀಗೆ ಓದಿಕೊಂಡೆ:

```
x     0       0.25    0.50    0.75    1
f(x)  1.0000  0.8000  0.6667  0.6714  0.5000
```

ಮೊದಲು x ಸಾಲು ನೋಡಿ. 0 ಮತ್ತು 1 ಎರಡೂ ಇವೆ, ಅಂದರೆ ಫೋಟೋದ ಅಂಚು ಕತ್ತರಿಸಿಲ್ಲ. ಅಂತರ ಎಲ್ಲ ಕಡೆ 0.25. ಬೆಲೆಗಳು ಐದಾದರೂ ಅವುಗಳ ನಡುವಿನ ಪಟ್ಟಿಗಳು ನಾಲ್ಕೇ. ಪಟ್ಟಿಯ ಅಗಲ h ಅನ್ನು 1/5 ಎಂದು ಬರೆದು ಅಂಕ ಕಳೆದುಕೊಳ್ಳುವವರು ಜಾಸ್ತಿ.

ಆಮೇಲೆ ಪ್ರತಿ ಬೆಲೆಯಿಂದ ಅದರ ಹಿಂದಿನದನ್ನು ಕಳೆಯಿರಿ: -0.2000, -0.1333, +0.0047, -0.1714. ಇಳಿಯುತ್ತಿದ್ದದ್ದು ಇದ್ದಕ್ಕಿದ್ದಂತೆ ಏರಿ ಮತ್ತೆ ಧೊಪ್ಪನೆ ಬಿತ್ತು. ಅನುಮಾನ ಬರಬೇಕಲ್ವಾ? ಫೋಟೋ ದೊಡ್ಡದು ಮಾಡಿದೆ. ಅದು 6 ಅಲ್ಲ, 5. ಸರಿಯಾದ ಬೆಲೆ 0.5714. ಈಗ ವ್ಯತ್ಯಾಸಗಳು -0.2000, -0.1333, -0.0953, -0.0714. ಇಳಿತ ನಿಧಾನವಾಗುತ್ತಾ ಹೋಗುತ್ತಿದೆ, ಅಷ್ಟೇ.

ಈಗ ಟ್ರೆಪಿಜಾಯ್ಡಲ್ ನಿಯಮ. ಎರಡು ತುದಿಯ ಬೆಲೆಗಳಲ್ಲಿ ಅರ್ಧರ್ಧ, ನಡುವಿನವು ಪೂರ್ತಿ. ಎಲ್ಲ ಕೂಡಿಸಿ h ಇಂದ ಗುಣಿಸಿ:

```
0.25 × (0.75 + 0.8000 + 0.6667 + 0.5714) = 0.6970
```

ಇದರಲ್ಲಿ ಎಷ್ಟು ನಂಬಬಹುದು? ಇಳಿತ ನಿಧಾನವಾಗುತ್ತಿದೆ ಎಂದರೆ ಗೆರೆ ಕೆಳಕ್ಕೆ ಜೋತುಬಿದ್ದ ಹಗ್ಗದಂತೆ ಬಾಗಿದೆ. ಬಿಂದುಗಳನ್ನು ಸೇರಿಸುವ ನೇರ ಗೆರೆಗಳು ಅದರ ಮೇಲೆ ಹಾಯುತ್ತವೆ. ಹಾಗಾಗಿ ನಮ್ಮ ಉತ್ತರ ಸ್ವಲ್ಪ ಜಾಸ್ತಿಯೇ ಬಂದಿದೆ.

ಎಷ್ಟು ಜಾಸ್ತಿ ಎಂದು ತಿಳಿಯಲು ಅದೇ ಕೋಷ್ಟಕವನ್ನು ಎರಡೇ ಪಟ್ಟಿಯಲ್ಲಿ, h = 0.5 ಇಟ್ಟು ಮಾಡಿ: 0.7083. ಒಂದೇ ಪಟ್ಟಿಯಲ್ಲಾದರೆ 0.7500. ಪಟ್ಟಿಯ ಅಗಲ ಅರ್ಧವಾದಾಗ ದೋಷ ಸುಮಾರು ಕಾಲುಭಾಗಕ್ಕೆ ಇಳಿಯಬೇಕು. ಇಲ್ಲಿ ಉತ್ತರ ಮೊದಲು 0.0417, ಆಮೇಲೆ 0.0113 ಇಳಿದಿದೆ. ಭಾಗಿಸಿದರೆ 3.7, 4ಕ್ಕೆ ಹತ್ತಿರ. ಹಾಗಿರುವಾಗ ಕೊನೆಯ ಇಳಿತದ ಮೂರನೇ ಒಂದು ಭಾಗವೇ ಉಳಿದ ದೋಷದ ಅಂದಾಜು, ಅಂದರೆ 0.0038. ಅದನ್ನು ಕಳೆದರೆ 0.6932.

ಈ ಕೋಷ್ಟಕ 1/(1+x) ಎಂಬುದರದ್ದು ಎಂದು ಆಮೇಲೆ ಹೊಳೆಯಿತು. ನಿಜವಾದ ಉತ್ತರ ln 2, ಅಂದರೆ 0.6931.

ಭಾಗಲಬ್ಧ 4ರಿಂದ ದೂರವಿದ್ದರೆ ಈ ಮೂರನೇ ಒಂದು ಭಾಗದ ಲೆಕ್ಕ ಬಿಡಿ. √x ಅನ್ನು 0ಯಿಂದ ಶುರು ಮಾಡಿದರೆ ಹಾಗಾಗುತ್ತದೆ, ಗೆರೆ ಅಲ್ಲಿ ನೆಟ್ಟಗೆ ಏಳುತ್ತದೆ. ನಡುವೆ ಮೂಲೆ ಇರುವ ಗೆರೆಯಲ್ಲೂ ಹೀಗಾಗಬಹುದು.

ನಾಲ್ಕನೇ ದಶಮಾಂಶಕ್ಕೆ ದುಂಡು ಮಾಡಿದ್ದರಿಂದ ಬರುವ ತಪ್ಪು ಇಲ್ಲಿ 0.00005 ದಾಟದು. ಆದರೆ 5 ಅನ್ನು 6 ಎಂದು ಓದಿದ್ದು 0.1 × 0.25, ಅಂದರೆ 0.025ರಷ್ಟು ಕೆಡಿಸುತ್ತಿತ್ತು. ನಿಯಮದ ದೋಷಕ್ಕಿಂತ ಆರು ಪಟ್ಟು ಹೆಚ್ಚು.