ಇಸಿಜಿಯಿಂದ ಕರೆಂಟಿನ ಗದ್ದಲ ತೆಗೆಯುವ ಫಿಲ್ಟರ್: 165 ಗುಣಾಂಕಗಳ ಲೆಕ್ಕ

ಎದೆಗೆ ಅಂಟಿಸಿದ ಎಲೆಕ್ಟ್ರೋಡ್‌ಗಳು ಹೃದಯದ ಸಂಕೇತದ ಜೊತೆಗೆ ಗೋಡೆಯೊಳಗಿನ ವೈರಿನ 50 ಹರ್ಟ್ಸ್ ಗದ್ದಲವನ್ನೂ ಹಿಡಿಯುತ್ತವೆ. ಸೆಕೆಂಡಿಗೆ 500 ಸ್ಯಾಂಪಲ್‌ನಂತೆ ದಾಖಲಾದ ಇಸಿಜಿಯಲ್ಲಿ 39 ಹರ್ಟ್ಸ್‌ವರೆಗಿನದನ್ನು ಉಳಿಸಿಕೊಂಡು, 49ರಿಂದ ಮೇಲಿನದನ್ನು ತೆಗೆಯುವ ಲೋ-ಪಾಸ್ ಫಿಲ್ಟರ್ ಮಾಡೋಣ. ಒಂದು ಎಚ್ಚರಿಕೆ ಮೊದಲೇ ಇರಲಿ: ಇದು ಹೃದಯದ ಬಡಿತವನ್ನು ಗಮನಿಸುವುದಕ್ಕೆ ಸಾಕು, ರೋಗ ಪತ್ತೆಗೆ ಅಲ್ಲ. ಅದಕ್ಕೆ 150 ಹರ್ಟ್ಸ್‌ವರೆಗಿನ ವಿವರ ಬೇಕು.

ಮೊದಲ ಹೆಜ್ಜೆ, ಕಡಿತದ ಆವರ್ತನ. ಅದನ್ನು 39ಕ್ಕೆ ಇಡಬೇಡಿ. ನಾವು ಮುಂದೆ ಬಳಸುವ ವಿಂಡೋ ವಿಧಾನದಲ್ಲಿ ಕಡಿತದ ಜಾಗದಲ್ಲಿ ಸಂಕೇತ ಸರಿಯಾಗಿ ಅರ್ಧಕ್ಕೆ ಇಳಿದಿರುತ್ತದೆ. 39ಕ್ಕೆ ಇಟ್ಟರೆ ನೀವು ಉಳಿಸಬೇಕೆಂದದ್ದೇ ಅರ್ಧವಾಗುತ್ತದೆ. ಆದ್ದರಿಂದ ಎರಡರ ನಡುವಿನ 44 ತೆಗೆದುಕೊಳ್ಳಿ.

44 ಹರ್ಟ್ಸ್‌ನಲ್ಲಿ ಗೋಡೆ ಎದ್ದಂತೆ ಕತ್ತರಿಸುವ ಆದರ್ಶ ಫಿಲ್ಟರಿನ ಗುಣಾಂಕಗಳು, ಅಂದರೆ ಅಕ್ಕಪಕ್ಕದ ಸ್ಯಾಂಪಲ್‌ಗಳನ್ನು ಗುಣಿಸಿ ಕೂಡಿಸಲು ಬಳಸುವ ಸಂಖ್ಯೆಗಳು, ಹೀಗಿರುತ್ತವೆ:

```
h[k] = sin(0.176πk) / (πk),   h[0] = 0.176
```

ಇಲ್ಲಿನ 0.176 ಬಂದದ್ದು 2 × 44 ÷ 500ರಿಂದ. ನಡುವೆ 0.176, ಅದರ ಪಕ್ಕದ್ದು 0.1672, ಆಮೇಲೆ 0.1423, 0.1057, ಹೀಗೆ ಇಳಿದು ಸೊನ್ನೆ ದಾಟಿ ಎರಡೂ ಕಡೆ ಅಲೆಯಲೆಯಾಗಿ ಹೋಗುತ್ತವೆ. ಕೊನೆಯೇ ಇಲ್ಲ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು.

ತೊಂದರೆ ಶುರುವಾಗುವುದೇ ಆ ಕತ್ತರಿಯಿಂದ. ನಡುವಿನಿಂದ 82ನೇ ಗುಣಾಂಕದ ಬೆಲೆ 0.0038. ಅಲ್ಲಿಗೆ ನಿಲ್ಲಿಸಿದರೆ ಮುಂದಿನದು ಒಮ್ಮೆಲೇ ಸೊನ್ನೆ. ಈ ಚಿಕ್ಕ ಮೆಟ್ಟಿಲು ಆವರ್ತನದ ಕಡೆ ಅಲೆಗಳಾಗಿ ಕಾಣಿಸಿಕೊಳ್ಳುತ್ತದೆ. ಕಡಿತದ ಎರಡೂ ಬದಿ ಸುಮಾರು ಶೇ 9ರಷ್ಟು ಎತ್ತರದ ಉಬ್ಬು ಏಳುತ್ತದೆ. ಗುಣಾಂಕಗಳನ್ನು ಹೆಚ್ಚಿಸಿದರೆ ಉಬ್ಬುಗಳು ಕಡಿತದ ಹತ್ತಿರಕ್ಕೆ ಒತ್ತೊತ್ತಾಗಿ ಸರಿಯುತ್ತವೆಯೇ ಹೊರತು ಮೊದಲ ಉಬ್ಬಿನ ಎತ್ತರ ತಗ್ಗುವುದಿಲ್ಲ. ಇದಕ್ಕೆ ಗಿಬ್ಸ್ ಪರಿಣಾಮ ಎನ್ನುತ್ತಾರೆ. ಒಂದು ಮಿಲಿವೋಲ್ಟ್ ಗದ್ದಲ ಆ ಉಬ್ಬಿನ ಮೇಲೆ ಬಿದ್ದರೆ 0.09 ಮಿಲಿವೋಲ್ಟ್ ಉಳಿಯುತ್ತದೆ. ಹೆಚ್ಚುಕಡಿಮೆ ಪ್ರತಿ ಬಡಿತದ ಆರಂಭದಲ್ಲಿ ಬರುವ ಸಣ್ಣ ಪಿ ಅಲೆಯಷ್ಟೇ ಎತ್ತರ. ಯಾವುದು ಹೃದಯದ್ದು, ಯಾವುದು ಗೋಡೆಯದ್ದು ಎಂದು ಹೇಳಲಾಗುವುದಿಲ್ಲ.

ಹಾಗಾಗಿ ತುದಿಗಳನ್ನು ಮೆಲ್ಲಗೆ ಇಳಿಸಬೇಕು. ನಡುವೆ 1, ತುದಿಯಲ್ಲಿ 0.08 ಇರುವ ಹ್ಯಾಮಿಂಗ್ ವಿಂಡೋದಿಂದ ಪ್ರತಿ ಗುಣಾಂಕವನ್ನೂ ಗುಣಿಸಿ. ತುದಿಯ 0.0038 ಈಗ 0.0003 ಆಯಿತು, ಮೆಟ್ಟಿಲು ಹೆಚ್ಚುಕಡಿಮೆ ಮಾಯ. ತಡೆಯ ಭಾಗದಲ್ಲಿ ಸುಮಾರು 53 ಡೆಸಿಬೆಲ್ ಇಳಿಕೆ ಸಿಗುತ್ತದೆ, ಅಂದರೆ ಆ ಒಂದು ಮಿಲಿವೋಲ್ಟ್‌ನಲ್ಲಿ ಉಳಿಯುವುದು ಸುಮಾರು 0.002.

ಇದಕ್ಕೆ ತೆರುವ ಬೆಲೆ ಉದ್ದ. ವಿಂಡೋ ಹಾಕದಿದ್ದರೆ 10 ಹರ್ಟ್ಸ್ ಅಗಲದ ಇಳಿಜಾರಿಗೆ 45 ಗುಣಾಂಕ ಸಾಕಿತ್ತು. ಹ್ಯಾಮಿಂಗ್‌ಗೆ 3.3 × 500 ÷ 10 = 165 ಬೇಕು. ಬ್ಲ್ಯಾಕ್‌ಮನ್ ವಿಂಡೋ 74 ಡೆಸಿಬೆಲ್ ಕೊಡುತ್ತದೆ, ಆದರೆ ಗುಣಾಂಕ 275ಕ್ಕೆ ಏರುತ್ತದೆ. ಈ ಕೆಲಸಕ್ಕೆ ಅಷ್ಟು ಬೇಡ. ಉದ್ದ ಬೆಸ ಸಂಖ್ಯೆಯಾಗಿದ್ದರೆ ನಡುವಿನ ಗುಣಾಂಕ ಒಂದು ಸ್ಯಾಂಪಲ್ ಮೇಲೆಯೇ ಕೂರುತ್ತದೆ, ವಿಳಂಬ ಪೂರ್ಣಾಂಕವಾಗುತ್ತದೆ.

```python
import numpy as np
fs, fc, N = 500, 44, 165
k = np.arange(N) - (N - 1)//2
h = 2*fc/fs * np.sinc(2*fc/fs * k)
h *= np.hamming(N)
h /= h.sum()
```

`np.sinc` π ಅನ್ನು ತಾನೇ ಸೇರಿಸಿಕೊಳ್ಳುತ್ತದೆ, ಸೊನ್ನೆಯಿಂದ ಭಾಗಿಸುವ ಪ್ರಶ್ನೆಯನ್ನೂ ನೋಡಿಕೊಳ್ಳುತ್ತದೆ. ನೀವೇ ಸಿ ಭಾಷೆಯಲ್ಲಿ ಬರೆದರೆ ನಡುವಿನ ಗುಣಾಂಕವನ್ನು ಬೇರೆಯಾಗಿ ತುಂಬಬೇಕು. ಮರೆತರೆ ಇಡೀ ಔಟ್‌ಪುಟ್ `nan` ಆಗುತ್ತದೆ. ಕೊನೆಯ ಸಾಲು ಮೊತ್ತವನ್ನು 1 ಮಾಡುತ್ತದೆ, ಅದರಿಂದ ಸಂಕೇತದ ಸರಾಸರಿ ಮಟ್ಟ ಬದಲಾಗುವುದಿಲ್ಲ.

ಗುಣಾಂಕಗಳು ಎಡಬಲ ಒಂದೇ ಆಗಿರುವುದರಿಂದಲೇ ಎಲ್ಲ ಆವರ್ತನಗಳೂ ಸಮನಾಗಿ 82 ಸ್ಯಾಂಪಲ್, ಅಂದರೆ 164 ಮಿಲಿಸೆಕೆಂಡ್ ತಡವಾಗುತ್ತವೆ. ಲೀನಿಯರ್ ಫೇಸ್ ಎಂದರೆ ಇದೇ. ಬಡಿತದ ಚೂಪಾದ ಮೊನೆಯಾದ ಆರ್ ಶಿಖರದ ಹೆಚ್ಚಿನ ಆವರ್ತನಗಳು ಕಳೆದು ಅದು ಸ್ವಲ್ಪ ಮೊಂಡಾಗುತ್ತದೆ, ಆದರೆ ಒಂದು ಬದಿಗೆ ವಾಲುವುದಿಲ್ಲ. ಶಿಖರದ ಸಮಯ ಗುರುತಿಸುವಾಗ 82 ಕಳೆಯಿರಿ. ದಾಖಲಾದ ಇಸಿಜಿಯಾದರೆ `np.convolve(x, h, 'same')` ಆ ಸರಿಸುವಿಕೆಯನ್ನು ಮಾಡಿಯೇ ಕೊಡುತ್ತದೆ. ಆದರೂ ಎರಡು ತುದಿಯ 82 ಸ್ಯಾಂಪಲ್‌ಗಳನ್ನು ನಂಬಬೇಡಿ, ಅಲ್ಲಿ ಫಿಲ್ಟರ್ ಪೂರ್ತಿ ತುಂಬಿರುವುದಿಲ್ಲ.

ಪರೀಕ್ಷಿಸುವಾಗ 165 ಬಿಂದುಗಳ ಎಫ್‌ಎಫ್‌ಟಿ ಸಾಲದು, ಉಬ್ಬುಗಳು ಬಿಂದುಗಳ ನಡುವೆ ಅಡಗಿಕೊಳ್ಳುತ್ತವೆ. `np.fft.rfft(h, 4096)` ಬಳಸಿ ಡೆಸಿಬೆಲ್‌ನಲ್ಲಿ ಚಿತ್ರಿಸಿ. 44ರಲ್ಲಿ ಮೈನಸ್ 6, 50ರಲ್ಲಿ ಮೈನಸ್ 50ಕ್ಕಿಂತ ಕೆಳಗೆ ಇರಬೇಕು. ಕಡಿತ 22ರಲ್ಲಿ ಅಥವಾ 88ರಲ್ಲಿ ಕಂಡರೆ ಆವರ್ತನವನ್ನು 500ರಿಂದ ಭಾಗಿಸಬೇಕೋ 250ರಿಂದಲೋ ಎಂಬಲ್ಲಿ ಎಡವಿದ್ದೀರಿ. ತಡೆಯ ಭಾಗ 21 ಡೆಸಿಬೆಲ್‌ನಲ್ಲೇ ನಿಂತಿದ್ದರೆ ವಿಂಡೋದಿಂದ ಗುಣಿಸುವ ಸಾಲು ಬಿಟ್ಟುಹೋಗಿದೆ.