ಜಾಣರೂ ಫೋನ್ ಯಾಕೆ ಕಟ್ ಮಾಡಲ್ಲ? ‘ಡಿಜಿಟಲ್ ಅರೆಸ್ಟ್’ ಬಿಡಿಸಿಕೊಳ್ಳುವುದು ಹೀಗೆ

ನಮ್ಮ ದೊಡ್ಡಪ್ಪ ತೀರ್ಥಹಳ್ಳಿ ಕಡೆಯವರು, ರಿಟೈರ್ಡ್ ಗಣಿತ ಮೇಷ್ಟ್ರು. ರಾಶಿ ಅಡಿಕೆಯಲ್ಲಿ ಗೊರಬಲು ಬೆರೆಸಿದ್ದರೆ ಮೂಟೆ ಬಿಚ್ಚಿದ ಕೂಡಲೇ ಹೇಳಿಬಿಡ್ತಾರೆ. ಮಂಡಿ ಪಟ್ಟಿಯಲ್ಲಿ ಹತ್ತು ರೂಪಾಯಿ ಆಚೀಚೆ ಆದರೂ ಬಿಡುವವರಲ್ಲ. ಅಂಥವರು ಕಳೆದ ವರ್ಷ ಒಂದೇ ದಿನದಲ್ಲಿ ಆರು ಲಕ್ಷ ಕಳೆದುಕೊಂಡರು.

ಬೆಳಿಗ್ಗೆ ಹತ್ತೂಕಾಲಿಗೆ ಬಂದ ಮೊದಲ ಫೋನ್ ಕೊರಿಯರ್‌ನವರದು. ನಿಮ್ಮ ಆಧಾರ್ ಮೇಲೆ ವಿದೇಶಕ್ಕೆ ಹೊರಟಿದ್ದ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ ಅಂದರು. ಐದು ನಿಮಿಷಕ್ಕೆ ವಾಟ್ಸ್‌ಆ್ಯಪ್ ವಿಡಿಯೊದಲ್ಲಿ ‘ಮುಂಬೈ ಪೊಲೀಸ್’. ಯೂನಿಫಾರಂ, ಹಿಂದೆ ಲಾಂಛನ, ಆಮೇಲೆ ಸೀಲ್ ಹೊಡೆದ ಕಾಗದ. ದೊಡ್ಡಪ್ಪನ ಮನೆಯಲ್ಲಿ ಸಿಗ್ನಲ್ ಸಿಗೋದು ಮಹಡಿಯ ಒಂದು ಮೂಲೆಯಲ್ಲಿ ಮಾತ್ರ, ಅಲ್ಲೇ ಬಾಗಿಲು ಹಾಕಿಸಿ, ನೀವೀಗ ‘ಡಿಜಿಟಲ್ ಅರೆಸ್ಟ್’ನಲ್ಲಿದ್ದೀರಿ, ಕಾಲ್ ಕಟ್ ಮಾಡಬೇಡಿ ಅಂತ ಕೂರಿಸಿದರು. ದೊಡ್ಡಮ್ಮ ಕಾಫಿ ತಂದಾಗ ‘ಆಮೇಲೆ ಬಾ’ ಅಂತ ಗದರಿಸಿ ಕಳಿಸಿದ್ದರಂತೆ. ಹೆಂಡತಿಗೆ ಹೇಳಿದರೆ ಅವಳ ಮೇಲೂ ಕೇಸ್ ಬೀಳುತ್ತೆ ಅಂತ ಹೆದರಿಸಿದ್ದರು.

ಇಲ್ಲಿ ಜಾಣತನವೇ ಅವರಿಗೆ ತಿರುಗಿಬಿತ್ತು. ತಪ್ಪು ಮಾಡಿಲ್ಲ, ಲೆಕ್ಕ ತೋರಿಸಿದರೆ ಮುಗೀತು ಅಂದುಕೊಂಡು, ಎಫ್‌ಡಿ ಎಷ್ಟಿದೆ ಯಾವ ಬ್ಯಾಂಕಲ್ಲಿದೆ ಎಲ್ಲ ತಾವೇ ಹೇಳಿದರು. ಹಣ ರಿಸರ್ವ್ ಬ್ಯಾಂಕಿನ ‘ಪರಿಶೀಲನಾ ಖಾತೆ’ಗೆ ಹಾಕಿ, ಸಂಜೆ ನಾಲ್ಕರೊಳಗೆ ಬರದಿದ್ದರೆ ವಾರಂಟ್, ಬಂದರೆ ಎರಡು ದಿನಕ್ಕೆ ವಾಪಸ್ ಅಂದರು. ಅಂಥ ಖಾತೆ ಇಲ್ಲವೇ ಇಲ್ಲ. ಆದರೆ ಬಸ್ ಹಿಡಿಯೋದು, ಎಫ್‌ಡಿ ಮುರಿಸೋದು ಅಂತ ಗಡಿಯಾರ ನೋಡ್ತಾ ಓಡುವವರಿಗೆ ‘ಇದು ನಿಜವಾ?’ ಅನ್ನೋ ಪ್ರಶ್ನೆಗೆ ಜಾಗವೇ ಉಳಿಯಲ್ಲ. ‘ಇಷ್ಟು ದುಡ್ಡು ಯಾಕೆ ಸಾರ್?’ ಅಂತ ಬ್ಯಾಂಕಿನವರು ಕೇಳಿದ್ದಕ್ಕೆ ‘ಮಗನ ಸೈಟಿಗೆ’ ಅಂದರು. ಆ ಉತ್ತರವನ್ನೂ ಫೋನಿನಲ್ಲಿದ್ದ ಮೋಸಗಾರರೇ ಹೇಳಿಕೊಟ್ಟಿದ್ದರು. ಅಷ್ಟು ಹೊತ್ತೂ ಜೇಬಿನಲ್ಲಿ ಕಾಲ್ ಚಾಲೂ ಇತ್ತು.

ಪೊಲೀಸ್ ವೇಷ, ಗಡುವಿನ ಅವಸರ, ಯಾರಿಗೂ ಹೇಳಬೇಡಿ ಅನ್ನೋ ಗುಟ್ಟು, ಈ ಮೂರರಲ್ಲಿ ನನಗೆ ಕಾಣೋ ಗಟ್ಟಿ ಕೊಂಡಿ ಗುಟ್ಟು. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಂ 1961ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ಶುರು ಮಾಡಿದರು. ಕೋಟು ಹಾಕಿದವನೊಬ್ಬ ಅದೇ ಕೋಣೆಯಲ್ಲಿದ್ದುಕೊಂಡು ‘ಮುಂದುವರಿಸಿ’ ಅನ್ನುತ್ತಿದ್ದ. 40 ಜನರಲ್ಲಿ 26 ಮಂದಿ ಇನ್ನೊಬ್ಬನಿಗೆ 450 ವೋಲ್ಟ್‌ವರೆಗೂ ಶಾಕ್ ಕೊಟ್ಟರು (ಶಾಕ್ ಸುಳ್ಳು, ಕೊಡುವವರಿಗೆ ಗೊತ್ತಿರಲಿಲ್ಲ). ಇನ್ನೊಂದು ಸುತ್ತಿನಲ್ಲಿ ಜೊತೆಗೆ ಕೂತ ಇಬ್ಬರು ‘ನಾವು ಮಾಡಲ್ಲ’ ಅಂತ ಎದ್ದರು. ಆಗ ಕೊನೆವರೆಗೆ ಹೋದವರು 40ಕ್ಕೆ ನಾಲ್ವರು. ಅದೇ ಕೋಟು, ಅದೇ ಮಾತು, ಪಕ್ಕದಲ್ಲಿ ಬೇಡ ಅನ್ನುವವರು ಇದ್ದರು ಅಷ್ಟೇ. ದೊಡ್ಡಮ್ಮ ಕಾಫಿ ಹಿಡಿದು ಒಳಗೆ ಬಂದಿದ್ದರೆ ಅಂತ ನನಗೆ ಈಗಲೂ ಅನ್ನಿಸುತ್ತೆ.

ಹಾಗಾಗಿ ಮೊದಲು ಮಾಡಬೇಕಾದ್ದು ಗುಟ್ಟು ಒಡೆಯೋದು. ‘ಒಂದು ನಿಮಿಷ, ಮಗಳನ್ನ ಕರೀತೀನಿ’ ಅನ್ನಿ. ಅವರು ಬೇಡ ಅಂದರೆ ಸಾಕು, ಅದು ಮೋಸ, ಬೇರೆ ಪರೀಕ್ಷೆ ಬೇಡ. ಯಾಕಂದರೆ ಕಾನೂನು ಇದಕ್ಕೆ ಪೂರ್ತಿ ಉಲ್ಟಾ ಇದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 48ನೇ ಸೆಕ್ಷನ್ ಪ್ರಕಾರ, ಬಂಧಿಸಿದ ಪೊಲೀಸರು ನಿಮ್ಮ ಮನೆಯವರಿಗೋ ಸ್ನೇಹಿತರಿಗೋ ತಿಳಿಸಲೇಬೇಕು. ವಕೀಲರನ್ನು ಕೇಳುವ ಹಕ್ಕು ಸಂವಿಧಾನದಲ್ಲೇ ಇದೆ. ವಿಡಿಯೊ ಕಾಲ್‌ನಲ್ಲಿ ಅರೆಸ್ಟ್ ಅನ್ನೋದು ಯಾವ ಕಾನೂನಿನಲ್ಲೂ ಇಲ್ಲ.

ಆಮೇಲೆ ಫೋನ್ ಕಟ್ ಮಾಡಿ. ವಾದ ಮಾಡಬೇಡಿ, ದೊಡ್ಡಪ್ಪನ ತರ ಮಾತಲ್ಲಿ ಗೆಲ್ಲೋಕೆ ಹೋಗಬೇಡಿ. ಅವರು ಕೊಟ್ಟ ನಂಬರಿಗೆ ವಾಪಸ್ ಮಾಡೋದೂ ಬೇಡ. ಅನುಮಾನ ಉಳಿದರೆ ನಿಮ್ಮೂರ ಸ್ಟೇಷನ್ನಿಗೇ ನಡೆದು ಹೋಗಿ ಕೇಳಿ. ಚಾಟ್, ಕಾಗದ, ನಂಬರ್ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದುಕೊಂಡೇ ಬ್ಲಾಕ್ ಮಾಡಿ, ಅವರು ಆಮೇಲೆ ಅಳಿಸಿಬಿಡಬಹುದು.

ದುಡ್ಡು ಹೋಗಿದ್ದರೆ ಮಾತ್ರ ಅವಸರ ನಿಜವಾದದ್ದು. ಹಣ ಒಂದು ಬಾಡಿಗೆ ಖಾತೆಗೆ ಬಿದ್ದು, ಅಲ್ಲಿಂದ ಚೂರುಚೂರಾಗಿ ಬೇರೆ ಖಾತೆಗಳಿಗೆ ಹಾರುತ್ತೆ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರೆ, ಆ ಹೊತ್ತಿಗೆ ಎಲ್ಲಿ ಉಳಿದಿದೆಯೋ ಅಲ್ಲಿ ಬ್ಯಾಂಕ್ ಮೂಲಕ ತಡೆ ಹಾಕಿಸಲು ಸಾಧ್ಯ. ಕಳಿಸಿದ ಸಮಯ, ಮೊತ್ತ, ಖಾತೆ ನಂಬರ್, ಆರ್‌ಟಿಜಿಎಸ್ ಚೀಟಿಯ ಯುಟಿಆರ್ ನಂಬರ್ ಕೈಲಿಟ್ಟುಕೊಳ್ಳಿ. cybercrime.gov.in ನಲ್ಲೂ ದೂರು ಹಾಕಬಹುದು. ನಿಮ್ಮ ಬ್ಯಾಂಕಿಗೂ ಅವತ್ತೇ ಹೇಳಿ.

ದೊಡ್ಡಪ್ಪ ಹಣ ಕಳಿಸಿದ್ದು ಮಧ್ಯಾಹ್ನ ಎರಡೂವರೆಗೆ. ನನಗೆ ಹೇಳಿದ್ದು ರಾತ್ರಿ ಊಟ ಆದ ಮೇಲೆ, ಅದೂ ನಾಚಿಕೆಯಿಂದ ಅರ್ಧಂಬರ್ಧ. 1930ಕ್ಕೆ ಲೈನ್ ಸಿಕ್ಕಾಗ ಒಂಬತ್ತು ದಾಟಿತ್ತು. ಆರರಲ್ಲಿ ತಡೆ ಬಿದ್ದಿದ್ದು ಒಂದೂಕಾಲು ಲಕ್ಷಕ್ಕೆ.