ಇಮಿಗ್ರೇಷನ್ ಸಾಲಿನ ಬದಲು ಇ-ಗೇಟ್: ಕಾಸರಗೋಡಿನವರು ನೋಂದಣಿ ಮಾಡಿಕೊಳ್ಳುವುದು ಹೇಗೆ?

ದುಬೈ, ದೋಹಾ, ಮಸ್ಕತ್‌ಗೆ ವರ್ಷಕ್ಕೆರಡು ಸಲವಾದರೂ ಹೋಗಿ ಬರುವವರು ಕಾಸರಗೋಡಿನಲ್ಲಿ ಮನೆಮನೆಯಲ್ಲೂ ಇದ್ದಾರೆ. ಅವರಿಗೆ ಉಪಯೋಗಕ್ಕೆ ಬರುವ ಸರ್ಕಾರಿ ಸೌಲಭ್ಯವೊಂದಿದೆ. ಹೆಸರು ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್ - ಟ್ರಸ್ಟೆಡ್ ಟ್ರಾವೆಲರ್ ಪ್ರೋಗ್ರಾಂ. ಒಮ್ಮೆ ನೋಂದಣಿ ಆದರೆ ಅಧಿಕಾರಿಯ ಕೌಂಟರ್ ಮುಂದೆ ನಿಲ್ಲುವ ಬದಲು ಇ-ಗೇಟ್ ಮೂಲಕ ದಾಟಬಹುದು. ಶುಲ್ಕ ಇಲ್ಲ. ಹಾಗಾಗಿ ಏಜೆಂಟರಿಗೆ ಸುಮ್ನೆ ಹಣ ಕೊಡಬೇಡಿ.

ಅರ್ಜಿಗೆ ಮೊದಲು ಗೇಟ್ ಎಲ್ಲಿದೆ ಅಂತ ತಿಳಿದುಕೊಳ್ಳಿ. 2024ರ ಜೂನ್‌ನಲ್ಲಿ ದೆಹಲಿಯಲ್ಲಿ ಶುರುವಾಯಿತು. 2025ರ ಜನವರಿಯಲ್ಲಿ ಮುಂಬೈ, ಬೆಂಗಳೂರು, ಚೆನ್ನೈ, ಹೈದರಾಬಾದ್, ಕೊಚ್ಚಿ ಮುಂತಾದ ಕಡೆ, ಸೆಪ್ಟೆಂಬರ್‌ನಲ್ಲಿ ಕೋಯಿಕ್ಕೋಡ್, ತಿರುವನಂತಪುರ ಸೇರಿ ಇನ್ನೂ ಐದು ಕಡೆ ಬಂತು. ನಮಗೆ ಹತ್ತಿರದ ಮಂಗಳೂರು, ಕಣ್ಣೂರು ಆ ಪಟ್ಟಿಗಳಲ್ಲಿ ಇರಲಿಲ್ಲ. ಹಾಗಾದರೆ ನಮಗೇನು ಲಾಭ? ಇಮಿಗ್ರೇಷನ್ ಆಗುವ ನಿಲ್ದಾಣದಲ್ಲಿ ಗೇಟ್ ಇದ್ದರೆ ಸಾಕು. ಮಂಗಳೂರಿನಿಂದ ನೇರ ದುಬೈಗೆ ಹಾರಿದರೆ ಮಾಮೂಲಿ ಸಾಲೇ ಗತಿ. ಮಂಗಳೂರಿನಿಂದ ಬೆಂಗಳೂರಿಗೆ ದೇಶದೊಳಗಿನ ವಿಮಾನ ಹಿಡಿದು, ಅಲ್ಲಿಂದ ವಿದೇಶಕ್ಕೆ ಹೊರಟರೆ ಸಾಮಾನ್ಯವಾಗಿ ಇಮಿಗ್ರೇಷನ್ ಆಗುವುದು ಬೆಂಗಳೂರಿನಲ್ಲಿ. ಅಲ್ಲಿ ಗೇಟ್ ಸಿಗುತ್ತದೆ. ಗೇಟ್‌ಗಾಗಿಯೇ ಕೋಯಿಕ್ಕೋಡ್ ವಿಮಾನ ನಿಲ್ದಾಣ ಇರುವ ಕರಿಪ್ಪೂರಿನವರೆಗೆ ಕಾರು ಓಡಿಸುವುದರಲ್ಲಿ ಅರ್ಥವಿಲ್ಲ. ಉಳಿಯುವ ಸಮಯಕ್ಕಿಂತ ದಾರಿಯಲ್ಲಿ ಹೋಗುವ ಸಮಯವೇ ಜಾಸ್ತಿ.

ಭಾರತೀಯ ಪಾಸ್‌ಪೋರ್ಟ್ ಇರುವವರು, ಒಸಿಐ ಕಾರ್ಡ್ ಇರುವವರು ಅರ್ಜಿ ಹಾಕಬಹುದು. ವಯಸ್ಸು 12ರಿಂದ 70ರೊಳಗೆ ಇರಬೇಕು. ಪಾಸ್‌ಪೋರ್ಟ್‌ಗೆ ಇನ್ನೂ ಆರು ತಿಂಗಳ ಅವಧಿಯಾದರೂ ಉಳಿದಿರಬೇಕು.

ftittp.mha.gov.in ತೆರೆದು ಮೊಬೈಲ್ ಮತ್ತು ಇಮೇಲ್‌ಗೆ ಬರುವ ಒಟಿಪಿ ಹಾಕಿ ಖಾತೆ ಮಾಡಿಕೊಳ್ಳಿ. ಫೋಟೊ, ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ಈಗಿನ ವಿಳಾಸದ ದಾಖಲೆ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಹೆಸರು ತುಂಬುವಾಗ ಹುಷಾರು. ನಮ್ಮಲ್ಲಿ ಹಲವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ, ಇಲ್ಲವೇ ಅಪ್ಪನ ಹೆಸರೋ ಮನೆ ಹೆಸರೋ ಇರುತ್ತದೆ. ಆಧಾರ್‌ನಲ್ಲಿ ಇನಿಷಿಯಲ್ ಮುಂದೆ, ಪಾಸ್‌ಪೋರ್ಟಿನಲ್ಲಿ ಅದನ್ನೇ ಬಿಡಿಸಿ ಬರೆದಿರುವುದೂ ಉಂಟು. ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ, ಇದ್ದ ಜಾಗದಲ್ಲೇ ತುಂಬಿ.

ಸಂದರ್ಶನ ಇಲ್ಲ. ಅಮೆರಿಕದಲ್ಲಿ ಇಂಥದ್ದೇ ಆದ ಗ್ಲೋಬಲ್ ಎಂಟ್ರಿ ಯೋಜನೆಗೆ ಭಾರತೀಯರೂ ಅರ್ಜಿ ಹಾಕಬಹುದು. ಅದಕ್ಕೆ ಶುಲ್ಕವೂ ಇದೆ, ಅಧಿಕಾರಿಯ ಎದುರು ಸಂದರ್ಶನವೂ ಇದೆ. ನಮ್ಮದರಲ್ಲಿ ಅರ್ಜಿಯ ಪರಿಶೀಲನೆ ಮುಗಿದ ಮೇಲೆ ಬೆರಳಚ್ಚು ಮತ್ತು ಮುಖದ ಚಿತ್ರ ಕೊಟ್ಟರೆ ಆಯಿತು. ಅದನ್ನು ಗೇಟ್ ಇರುವ ವಿಮಾನ ನಿಲ್ದಾಣದಲ್ಲೋ ವಿದೇಶಿಯರ ನೋಂದಣಿ ನೋಡಿಕೊಳ್ಳುವ ಎಫ್‌ಆರ್‌ಆರ್‌ಒ ಕಚೇರಿಯಲ್ಲೋ ಕೊಡಬೇಕು. ಹೇಗೂ ಕೋಯಿಕ್ಕೋಡ್ ಅಥವಾ ಬೆಂಗಳೂರಿನಿಂದ ಹೊರಡುವ ದಿನ ಇದ್ದರೆ ಅಲ್ಲೇ ಮುಗಿಸಿಕೊಳ್ಳಿ. ಅಡಿಕೆ ಸುಲಿದು, ತೋಟದ ಕೆಲಸ ಮಾಡಿ ಬೆರಳ ಗೆರೆ ಸವೆದವರಿಗೆ ಯಂತ್ರ ಸಲೀಸಾಗಿ ಅಚ್ಚು ತೆಗೆಯುವುದಿಲ್ಲ. ಕೈ ತೊಳೆದು ಒರೆಸಿ, ಚರ್ಮ ತೀರಾ ಒಣಗದಂತೆ ನೋಡಿಕೊಂಡು ನಿಧಾನಕ್ಕೆ ಒತ್ತಿ.

ನೋಂದಣಿ ಐದು ವರ್ಷ ಅಥವಾ ಪಾಸ್‌ಪೋರ್ಟ್ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ. ಕುಂಬಳೆಯ ಒಂದು ಸಂಸಾರ ಅಂದುಕೊಳ್ಳಿ. ಗಂಡನ ಪಾಸ್‌ಪೋರ್ಟ್ ಇನ್ನು ಹತ್ತು ತಿಂಗಳಲ್ಲಿ ಮುಗಿಯುತ್ತದೆ, ಹೆಂಡತಿಯದು ಏಳು ವರ್ಷ ಇದೆ. ಮಗಳಿಗೆ 14, ಮಗನಿಗೆ 6. ಹೆಂಡತಿಗೆ ಪೂರ್ತಿ ಐದು ವರ್ಷ ಸಿಗುತ್ತದೆ. ಗಂಡ ಈಗಲೇ ಹಾಕಿದರೆ ಹತ್ತು ತಿಂಗಳು ಮಾತ್ರ, ಆದ್ದರಿಂದ ಅವರು ಮೊದಲು ಪಾಸ್‌ಪೋರ್ಟ್ ನವೀಕರಿಸಿ ಆಮೇಲೆ ಅರ್ಜಿ ಹಾಕುವುದು ಒಳ್ಳೆಯದು. ಮಗಳು ಅರ್ಹಳು, ಅವಳ ಪಾಸ್‌ಪೋರ್ಟಿನ ಅವಧಿಯನ್ನೂ ನೋಡಬೇಕು. ಮಗ ಅರ್ಹನಲ್ಲ. ಅಂದರೆ ಎಲ್ಲರೂ ಒಟ್ಟಿಗೆ ಹೊರಟಾಗ ಅಪ್ಪ ಅಮ್ಮರಲ್ಲಿ ಒಬ್ಬರು ಮಗನ ಜೊತೆ ಮಾಮೂಲಿ ಕೌಂಟರ್‌ಗೇ ಹೋಗಬೇಕು. ಇಂಥ ಮನೆಗೆ ಜಾಸ್ತಿ ಲಾಭ ಆಗುವುದು ಗಂಡ ಒಬ್ಬರೇ ಓಡಾಡುವಾಗ.

ಪ್ರಯಾಣದ ದಿನ ಮೊದಲು ವಿಮಾನ ಕಂಪನಿಯ ಕೌಂಟರ್‌ನಲ್ಲಿ ಬೋರ್ಡಿಂಗ್ ಪಾಸ್ ತೆಗೆದುಕೊಳ್ಳಿ. ಇ-ಗೇಟ್‌ನಲ್ಲಿ ಅದನ್ನು ಸ್ಕ್ಯಾನ್ ಮಾಡಿ, ಆಮೇಲೆ ಪಾಸ್‌ಪೋರ್ಟಿನ ಫೋಟೊ ಪುಟವನ್ನು ಗಾಜಿನ ಮೇಲೆ ಅಲ್ಲಾಡದಂತೆ ಇಡಿ. ಪ್ಲಾಸ್ಟಿಕ್ ಕವರ್ ಹಾಕಿದ್ದರೆ ಮೊದಲೇ ತೆಗೆಯಿರಿ. ಕ್ಯಾಮೆರಾ ಎದುರು ಕನ್ನಡಕ, ಟೋಪಿ ತೆಗೆದು ನಿಲ್ಲಿ. ಗುರುತು ಹೊಂದಿ ಬಾಗಿಲು ತೆರೆದರೆ ಇಮಿಗ್ರೇಷನ್ ಮುಗಿದ ಹಾಗೆ. ತೆರೆಯದಿದ್ದರೆ ಗಾಬರಿ ಬೇಡ, ಪಕ್ಕದ ಸಿಬ್ಬಂದಿಗೆ ಹೇಳಿ ಅಧಿಕಾರಿಯ ಕೌಂಟರ್‌ಗೆ ಹೋದರಾಯಿತು. ಅದಕ್ಕೇ, ಗೇಟ್ ಇದೆ ಅಂತ ಮನೆಯಿಂದ ತಡವಾಗಿ ಹೊರಡಬೇಡಿ. ಚೆಕ್-ಇನ್, ಭದ್ರತಾ ತಪಾಸಣೆ, ವಾಪಸ್ ಬಂದಾಗ ಲಗೇಜ್ ಬೆಲ್ಟ್, ಕಸ್ಟಮ್ಸ್ ಯಾವುದನ್ನೂ ಈ ನೋಂದಣಿ ತಪ್ಪಿಸುವುದಿಲ್ಲ. ದುಬೈಯ ಸ್ಮಾರ್ಟ್ ಗೇಟ್‌ಗೂ ಇದಕ್ಕೂ ಸಂಬಂಧ ಇಲ್ಲ. ಅಲ್ಲಿಯ ನಿಯಮ, ಅಲ್ಲಿಯ ನೋಂದಣಿ ಬೇರೆಯೇ.